ಎಂಟನೇ ವಾರ್ಷಿಕೋತ್ಸವ ಬೇರೆ, ಎಂಟರ ವರ್ಷ ಬೇರೆ

"ಮುಂದಿನ ತಿಂಗಳು ನಮ್ಮದು ಎಂಟನೇ ಆನಿವರ್ಸರಿ. ಎಂಟು ಅಂದ್ರೆ ಶನಿ ಅಲ್ವಾ ಸರ್? ಏನಾದ್ರೂ ಮಾಡಿಸ್ಬೇಕಾ?" ಸಂಖ್ಯಾಶಾಸ್ತ್ರ ಕೇಳಲು ಬರುವ ದಂಪತಿಗಳಲ್ಲಿ ಈ ಪ್ರಶ್ನೆ ತುಂಬಾ ಸಾಮಾನ್ಯ. ಏಳನೇ ವರ್ಷದವರು ಕೇತು ಎಂದು ಹೆದರಿರುತ್ತಾರೆ. ಕೆಲವರು ಇದನ್ನು ಸಾಡೇಸಾತಿಯ ಜೊತೆ ಸೇರಿಸಿ ಇನ್ನಷ್ಟು ಗಾಬರಿಯಾಗಿರುತ್ತಾರೆ. ಸಾಡೇಸಾತಿ ಜನ್ಮರಾಶಿ ನೋಡಿ ಹೇಳುವ ಲೆಕ್ಕ. ಮದುವೆಯಾಗಿ ಎಷ್ಟು ವರ್ಷವಾಯಿತು ಎನ್ನುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಮದುವೆಯ ವರ್ಷಸಂಖ್ಯೆ ಅಂದರೆ ಎಷ್ಟನೇ ವಾರ್ಷಿಕೋತ್ಸವ ಎಂಬುದಲ್ಲ. ಅದನ್ನು ಮದುವೆಯ ದಿನಾಂಕದಿಂದ ಲೆಕ್ಕ ಹಾಕಬೇಕು. ಮದುವೆಯ ದಿನ, ತಿಂಗಳು, ಮತ್ತು ನೀವು ನೋಡಬೇಕಾದ ಇಸವಿ, ಈ ಮೂರನ್ನು ಕೂಡಿಸಿ ಒಂದೇ ಅಂಕಿಗೆ ಇಳಿಸುತ್ತೇವೆ. ಆ ಸಂಖ್ಯೆ ವಾರ್ಷಿಕೋತ್ಸವದ ದಿನ ಶುರುವಾಗಿ ಮುಂದಿನ ವಾರ್ಷಿಕೋತ್ಸವದ ಹಿಂದಿನ ದಿನದವರೆಗೆ ನಡೆಯುತ್ತದೆ. ಜನವರಿ 1ಕ್ಕೇ ಬದಲಾಗುತ್ತದೆ ಎನ್ನುವವರೂ ಇದ್ದಾರೆ. ಮದುವೆಯ ಲೆಕ್ಕಕ್ಕೆ ಅದು ನನಗೆ ಸರಿ ಕಾಣುವುದಿಲ್ಲ. ಡಿಸೆಂಬರ್ 2ರಂದು ಮದುವೆಯಾದವರಿಗೆ ಒಂದು ತಿಂಗಳೂ ತುಂಬುವ ಮೊದಲೇ ಎರಡನೇ ಸಂಖ್ಯೆ ಬಂದುಬಿಡುತ್ತದೆ.

ಒಂದು ಜೋಡಿಯ ಲೆಕ್ಕವನ್ನೇ ನೋಡೋಣ. ಹೆಸರು ಬೇಡ. ಮದುವೆ 2014ರ ಮೇ 11, ಮೈಸೂರಿನ ಒಂದು ಛತ್ರದಲ್ಲಿ. ದಿನ 11, ಅಂದರೆ 1 ಮತ್ತು 1 ಸೇರಿ 2. ತಿಂಗಳು 5. ಇಸವಿ 2014, ಕೂಡಿದರೆ 7. ಒಟ್ಟು 14, ಮತ್ತೆ ಕೂಡಿದರೆ 5. ಇದು ಅವರ ಮದುವೆಯ ಮೂಲಸಂಖ್ಯೆ. ಮೊದಲ ವರ್ಷದ ಸಂಖ್ಯೆಯೂ ಇದೇ, ಯಾಕೆಂದರೆ ಕೂಡಿಸಿದ ಇಸವಿ ಮದುವೆಯಾದ ಇಸವಿಯೇ.

ಇಲ್ಲಿಂದ ಮುಂದೆ ಪ್ರತಿ ವರ್ಷ ಕೂಡಿಸುತ್ತಾ ಕೂರಬೇಕಾಗಿಲ್ಲ. ಇಸವಿ ಒಂದು ಹೆಚ್ಚಾದರೆ ಸಂಖ್ಯೆಯೂ ಒಂದು ಹೆಚ್ಚುತ್ತದೆ. 9 ಆದ ಮೇಲೆ ಮತ್ತೆ 1. ಹಾಗಾಗಿ 2015ರ ಮೇಯಿಂದ 6, 2016ರಿಂದ 7, 2017ರಿಂದ 8, 2018ರಿಂದ 9, 2019ರಿಂದ 1. ಈ ಜೋಡಿಯ ಎಂಟನೇ ವಾರ್ಷಿಕೋತ್ಸವ ಬಂದದ್ದು 2022ರಲ್ಲಿ. ಅಂದು ಶುರುವಾದದ್ದು 4ರ ವರ್ಷ. ಎಂಟರ ವರ್ಷ ಮೂರನೇ ವಾರ್ಷಿಕೋತ್ಸವಕ್ಕೇ ಬಂದು ಹೋಗಿತ್ತು, ಅವರಿಗೆ ಗೊತ್ತೂ ಆಗಿರಲಿಲ್ಲ. ಯಾರ ಮದುವೆಯಾದರೂ 9, 18, 27, 36ನೇ ವಾರ್ಷಿಕೋತ್ಸವಗಳಲ್ಲಿ ಮೂಲಸಂಖ್ಯೆ ತಿರುಗಿ ಬರುತ್ತದೆ. ಇದರಲ್ಲಿ ಪವಾಡವೇನೂ ಇಲ್ಲ. ಒಂಬತ್ತರಿಂದ ಭಾಗಿಸಿದಾಗ ಉಳಿಯುವ ಶೇಷದ ಆಟ ಇದು.

ಇನ್ನು ಅರ್ಥದ ವಿಷಯ. 1 ಶುರು ಮಾಡುವ ವರ್ಷ, 2 ತಾಳ್ಮೆಯ ಮತ್ತು ಜೊತೆಗಿರುವ ವರ್ಷ, 3 ಮಾತು, ನಗು, ನೆಂಟರು. 4 ದುಡಿಮೆ, 5 ಬದಲಾವಣೆ ಮತ್ತು ಓಡಾಟ, 6 ಮನೆ ಮತ್ತು ಹೊಣೆ. 7 ಒಳಗೆ ನೋಡಿಕೊಳ್ಳುವ ವರ್ಷ, 8 ದುಡ್ಡು ಮತ್ತು ಲೆಕ್ಕ, 9 ಮುಗಿಸುವ ವರ್ಷ. ಹೇಳುವ ರೂಢಿ ಹೀಗಿದೆ.

ಈ ರೂಢಿ ಎಲ್ಲಿಂದ ಬಂತು ಅಂತ ಗೊತ್ತಿದ್ದರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ. ಒಂಬತ್ತು ವರ್ಷದ ಚಕ್ರ ಅಮೆರಿಕದ ಸಂಖ್ಯಾಶಾಸ್ತ್ರಿಗಳದ್ದು. 20ನೇ ಶತಮಾನದ ಆರಂಭದಲ್ಲಿ ಎಲ್. ಡೌ ಬ್ಯಾಲಿಯೆಟ್ ಎಂಬ ಮಹಿಳೆ ಮತ್ತು ಅವರ ಹಾದಿಯಲ್ಲಿ ಬಂದವರು ಬೆಳೆಸಿದ ಪದ್ಧತಿ ಅದು. ಸಂಖ್ಯೆಗೊಂದು ಗ್ರಹ ಕೊಟ್ಟು ಜನಪ್ರಿಯ ಮಾಡಿದ್ದು ಕೀರೋ. 1936ರಲ್ಲಿ ತೀರಿಕೊಂಡ ಈ ಐರಿಶ್ ಮನುಷ್ಯ 4ಕ್ಕೆ ಯುರೇನಸ್, 7ಕ್ಕೆ ನೆಪ್ಚೂನ್ ಎಂದಿದ್ದ. ನಮ್ಮವರು ಆ ಜಾಗಕ್ಕೆ ರಾಹು, ಕೇತುವನ್ನು ತಂದರು. ಈಗ ನಮ್ಮಲ್ಲಿ ಓದುವುದು ಈ ಎರಡರ ಮಿಶ್ರಣ. ಅದಕ್ಕೇ ಒಬ್ಬರು 9ರ ವರ್ಷಕ್ಕೆ "ಹಳೆಯದನ್ನು ಬಿಟ್ಟು ಹಗುರಾಗಿ" ಎಂದರೆ ಇನ್ನೊಬ್ಬರು "ಮಂಗಳ, ಜಗಳ ಜಾಸ್ತಿ" ಎನ್ನುತ್ತಾರೆ. ಇಬ್ಬರೂ ಅವರವರ ಪದ್ಧತಿಗೆ ಸರಿಯಾಗಿಯೇ ಹೇಳುತ್ತಿದ್ದಾರೆ. ನೀವು ಒಂದನ್ನು ಹಿಡಿದು ಓದಿ. ಹೆದರಿಸುವಾಗ ಗ್ರಹ, ಸಮಾಧಾನ ಮಾಡುವಾಗ ಚಕ್ರ ಎನ್ನುವವರ ಹತ್ತಿರ ಹೋಗಬೇಡಿ.

ಮೇ 11ರ ಜೋಡಿಗೆ ನಾನು ಮೊದಲು ಯಾವ ಸಂಖ್ಯೆಯನ್ನೂ ಹೇಳಲಿಲ್ಲ. ಮದುವೆಯಾದಾಗಿನಿಂದ ಮೇಯಿಂದ ಮೇಗೆ ಏನೇನು ನಡೆಯಿತು, ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ ಬರೆದುಕೊಡಿ ಎಂದೆ. ಎಲ್ಲರಿಗೂ ಹೀಗೇ ಹೇಳುತ್ತೇನೆ. ಮೊದಲೇ "ಇದು ಏಳರ ವರ್ಷ, ದೂರವಾಗುವ ಕಾಲ" ಎಂದುಬಿಟ್ಟರೆ ಆ ವರ್ಷದ ಒಂದು ಮುನಿಸು ನೆನಪಿಗೆ ಬರುತ್ತದೆ, ಹನ್ನೊಂದು ತಿಂಗಳ ನೆಮ್ಮದಿ ಮರೆತುಹೋಗುತ್ತದೆ.

ಹಾಳೆಗಳಲ್ಲಿ ಇದ್ದದ್ದು ಇಷ್ಟು. 6ರ ವರ್ಷದಲ್ಲಿ ಅತ್ತೆ ಮನೆಯಿಂದ ಬೇರೆ ಮನೆಗೆ ಬಂದರು. 7ರ ವರ್ಷದಲ್ಲಿ ಗಂಡನಿಗೆ ಕಲಬುರಗಿಗೆ ವರ್ಗವಾಯಿತು, ಹೆಂಡತಿ ಕೆಲಸದ ಕಾರಣಕ್ಕೆ ಮೈಸೂರಿನಲ್ಲೇ ಉಳಿದರು. 8ರಲ್ಲಿ ಚೀಟಿ ದುಡ್ಡಿನ ವಿಷಯಕ್ಕೆ ದೊಡ್ಡ ಮಾತುಕತೆ. 9ರಲ್ಲಿ ಗಂಡ ವಾಪಸ್ ಬಂದರು. 1ರಲ್ಲಿ ಮಗಳು ಹುಟ್ಟಿದಳು. ಕೇಳಿದರೆ ರೋಮಾಂಚನ ಆಗುತ್ತದೆ, ಅಲ್ವಾ? ಇಲ್ಲಿಗೇ ನಿಲ್ಲಿಸಿದರೆ ನನ್ನ ಕೆಲಸ ಸುಲಭ.

ಆದರೆ ಮುಂದೆ ನೋಡಿ. 2020ರ ಮೇಯಿಂದ 2ರ ವರ್ಷ, ಜೊತೆಗಿರುವ ವರ್ಷ. ಲಾಕ್‌ಡೌನ್‌ನಲ್ಲಿ ಎಲ್ಲರೂ ಜೊತೆಗೇ ಇದ್ದರು, ಅದು ಲೆಕ್ಕಕ್ಕಿಲ್ಲ. 2021ರ ಮೇ 11ಕ್ಕೆ 3 ಶುರು. ನಗುವಿನ, ಕೂಟಗಳ, ನೆಂಟರಿಷ್ಟರ ವರ್ಷ. ಕೋವಿಡ್ ಎರಡನೇ ಅಲೆಗೆ ರಾಜ್ಯದಲ್ಲಿ ಲಾಕ್‌ಡೌನ್ ಬಿದ್ದದ್ದು ಅದರ ಹಿಂದಿನ ದಿನ, ಮೇ 10ಕ್ಕೆ. ಅದೇ ತಿಂಗಳು ಹೆಂಡತಿಯ ತಂದೆ ತೀರಿಕೊಂಡರು. ಇದನ್ನು 3ರ ಒಳಗೆ ಹೇಗೆ ತುರುಕುವುದು? "ದುಃಖ ಹೇಳಿಕೊಳ್ಳಲು ಮಾತು ಬಂತು, ಅದೂ 3ರ ಗುಣವೇ" ಎಂದು ಹೇಳಬಹುದು. ಹಾಗೆ ಹೇಳುವವರಿದ್ದಾರೆ. ಹಾಗೆ ಹೇಳಲು ಹೊರಟರೆ ಯಾವ ಸಂಖ್ಯೆಗೆ ಯಾವ ಘಟನೆಯನ್ನೂ ಹೊಂದಿಸಬಹುದು. ನಾನು ಅವರಿಗೆ ಹೇಳಿದ್ದು, ಈ ವರ್ಷ ಹೊಂದುವುದಿಲ್ಲ ಅಂತ.

ಇದನ್ನು ನೀವೇ ಪರೀಕ್ಷಿಸಿ ನೋಡಬಹುದು. ನಿಮ್ಮ ಹಾಳೆ ಬರೆದಾದ ಮೇಲೆ ಪ್ರತಿ ವರ್ಷಕ್ಕೂ ಅದರ ಮುಂದಿನ ವರ್ಷದ ಸಂಖ್ಯೆ ಹಾಕಿ ಓದಿ. ಈ ಜೋಡಿಯಲ್ಲಿ ಹಾಗೆ ಮಾಡಿದರೆ ಬೇರೆ ಮನೆಗೆ ಬಂದ ವರ್ಷಕ್ಕೆ 7 ಬರುತ್ತದೆ, ಹಿರಿಯರಿಂದ ದೂರವಾದರು ಎನ್ನಬಹುದು. ಕಲಬುರಗಿಗೆ 8, ಸಂಬಳಕ್ಕಾಗಿ ಹೋದರು. ಚೀಟಿ ಜಗಳಕ್ಕೆ 9, ಮಂಗಳ ಇದೆಯಲ್ಲ! ವಾಪಸ್ ಬಂದದ್ದಕ್ಕೆ 1, ಹೊಸ ಶುರು. ಮಗಳಿಗೆ 2, ಚಂದ್ರ, ತಾಯ್ತನ. ತಪ್ಪು ಸಂಖ್ಯೆಗಳೂ ಚೆನ್ನಾಗಿಯೇ ಕೂತವು. ಅಂದರೆ ಮೊದಲು ಹೊಂದಿದ್ದಕ್ಕೆ ಸಂಖ್ಯೆಯ ಶಕ್ತಿ ಕಾರಣ ಎನ್ನಲು ಆಧಾರವಿಲ್ಲ. ವರ್ಣನೆಗಳೇ ಅಷ್ಟು ಸಡಿಲವಾಗಿವೆ. ಅದೇ ದಿನ ಅದೇ ಮುಹೂರ್ತದಲ್ಲಿ ಪಕ್ಕದ ಛತ್ರದಲ್ಲಿ ಮದುವೆಯಾದವರಿಗೂ ಇವೇ ಸಂಖ್ಯೆಗಳು. ಅವರ ಬದುಕು ಹೀಗೇ ನಡೆದಿರಬೇಕೆಂದೇನಿಲ್ಲ.

ಹಾಗಾದರೆ ಯಾಕೆ ಓದುತ್ತೀರಿ ಎಂದು ಕೇಳುತ್ತಾರೆ. ವರ್ಷಕ್ಕೊಮ್ಮೆ ಇಬ್ಬರೂ ಕೂತು ಮಾತಾಡಲು ಇದು ಒಂದು ನೆಪ. 8ರ ವರ್ಷ ಅಂದರೆ ಲೆಕ್ಕದ ವಿಷಯ ಎತ್ತಬಹುದು. ನೆಪವಿಲ್ಲದೆ ಎತ್ತಿದರೆ ಎಷ್ಟೋ ಮನೆಗಳಲ್ಲಿ ಅದು ಜಗಳವಾಗುತ್ತದೆ. ಅದಕ್ಕಿಂತ ಜಾಸ್ತಿ ನಾನು ಹೇಳಿಕೊಳ್ಳುವುದಿಲ್ಲ.

ಲೆಕ್ಕಕ್ಕೆ ಯಾವ ದಿನಾಂಕ ಹಿಡಿಯಬೇಕು ಎನ್ನುವುದರಲ್ಲೂ ತಪ್ಪುಗಳಾಗುತ್ತವೆ. ನಮ್ಮಲ್ಲಿ ಹಿಂದಿನ ಸಂಜೆಯೇ ರಿಸೆಪ್ಷನ್, ಮಾರನೇ ದಿನ ಧಾರೆ. ಕೆಲವರು ಫೋಟೊ ಆಲ್ಬಂ ಮೇಲೆ ಇರುವ ಮೊದಲ ದಿನಾಂಕ ಹೇಳುತ್ತಾರೆ. ಹಿಡಿಯಬೇಕಾದದ್ದು ಧಾರೆಯ ದಿನ. ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮದುವೆ ನಡೆದ ದಿನವೇ ಮದುವೆಯ ದಿನ, ನೋಟಿಸ್ ಕೊಟ್ಟ ದಿನ ಅಲ್ಲ. ಬೆಳಗಿನ ಜಾವದ ಮುಹೂರ್ತ ಇದ್ದರೆ ಪಂಚಾಂಗದ ಪ್ರಕಾರ ಸೂರ್ಯೋದಯದವರೆಗೆ ಹಿಂದಿನ ದಿನವೇ ನಡೆಯುತ್ತಿರುತ್ತದೆ. ಈ ಲೆಕ್ಕಕ್ಕೆ ಅದು ಬೇಡ, ಗೋಡೆಯ ಕ್ಯಾಲೆಂಡರಿನ ದಿನಾಂಕ ಸಾಕು. ತಿಥಿ ಪ್ರಕಾರ ವಾರ್ಷಿಕೋತ್ಸವ ಮಾಡುವ ಹಿರಿಯರು ಈ ಸಂಖ್ಯೆ ನೋಡುವುದರಲ್ಲಿ ಅರ್ಥವಿಲ್ಲ. ತಿಥಿಗೆ ಬರುವ ಇಂಗ್ಲಿಷ್ ದಿನಾಂಕ ಪ್ರತಿ ವರ್ಷ ಬದಲಾಗುತ್ತದೆ. ಅಂದಹಾಗೆ, ನಮ್ಮಲ್ಲಿ ದೊಡ್ಡದಾಗಿ ಮಾಡುವ ಷಷ್ಟಿಪೂರ್ತಿಗೆ ಎಣಿಸುವುದು ಗಂಡನ ವಯಸ್ಸು, ಮದುವೆಯಾದ ವರ್ಷಗಳಲ್ಲ.

11ರ ಬಗ್ಗೆಯೂ ಒಂದು ಮಾತು. ಕೆಲವರು 11, 22ನ್ನು ಒಂದೇ ಅಂಕಿಗೆ ಇಳಿಸದೆ ಹಾಗೇ ಬಿಟ್ಟು ಮಾಸ್ಟರ್ ನಂಬರ್ ಎನ್ನುತ್ತಾರೆ. ಈ ಜೋಡಿಯ 2020ನ್ನೇ ನೋಡಿ. 2, 5, 4 ಎಂದು ಕೂಡಿಸಿದರೆ 11 ಸಿಗುತ್ತದೆ. ದಿನವನ್ನು ಇಳಿಸದೆ 11, 5, 4 ಎಂದು ಕೂಡಿಸಿದರೆ 20, ಅಂದರೆ ಬರೀ 2. ಕೂಡಿಸುವ ಕ್ರಮ ಬದಲಾದರೆ ಮಾಯವಾಗುವ ವಿಶೇಷಕ್ಕೆ ಹೆಚ್ಚು ಬೆಲೆ ಕೊಡುವುದು ಬೇಡ. ನಾನು ಯಾವಾಗಲೂ ಒಂದೇ ಅಂಕಿಗೆ ಇಳಿಸುತ್ತೇನೆ.

ಈ ಜೋಡಿಗೆ 2026ರ ಮೇ 11ಕ್ಕೆ ಮತ್ತೆ 8 ಬರುತ್ತದೆ. ಹೋಂ ಲೋನ್ ತೆಗೆದುಕೊಳ್ಳುವ ಯೋಚನೆಯಲ್ಲಿದ್ದರು. ಎಂಟರ ವರ್ಷ, ಬೇಡ ಎಂದು ಯಾರೋ ಹೇಳಿದ್ದರಂತೆ. ಸಂಖ್ಯೆ ನೋಡಿ ಸಾಲ ತೆಗೆದುಕೊಳ್ಳುವುದೂ ಬೇಡ, ಬಿಡುವುದೂ ಬೇಡ ಎಂದೆ. ಇಬ್ಬರ ಸಂಬಳದ ಸ್ಲಿಪ್, ಮಗಳ ಶಾಲೆಯ ಫೀಸು, ಈಗಿರುವ ಕಂತುಗಳು, ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಬ್ಯಾಂಕಿಗೆ ಹೋಗಿ ಕೇಳಿ ಎಂದೆ. "ಹಾಗಾದ್ರೆ ಪರಿಹಾರ ಏನೂ ಬೇಡ್ವಾ?" ಎಂದರು ಗಂಡ. ಉತ್ತರ ಕೊಟ್ಟವರು ಅವರ ಹೆಂಡತಿ: "ಮೊದಲು ಆ ಚೀಟಿ ದುಡ್ಡು ವಾಪಸ್ ಬಂತಾ ಕೇಳಿ ಸರ್."