ನಾಲ್ಕು ಸೀಳುಗಳಲ್ಲಿ 90 ಡಿಗ್ರಿಗೇ ಕತ್ತಲೆ ಏಕೆ?

ಓದುಗರ ಪ್ರಶ್ನೆ: ಬೆಳಕು ಹಾದು ಪರದೆಗೆ ಬೀಳಲು ಎರಡು ಸೀಳುಗಳಿದ್ದಾಗ ಅಲೆಗಳ ನಡುವೆ 180 ಡಿಗ್ರಿ ಪ್ರಾವಸ್ಥಾಂತರವಿದ್ದರೆ ಮಾತ್ರ ಕತ್ತಲೆ. ನಾಲ್ಕು ಸೀಳುಗಳಾದಾಗ 90 ಡಿಗ್ರಿಗೇ ಕತ್ತಲೆಯಾಗುವುದು ಹೇಗೆ? ಅಕ್ಕಪಕ್ಕದ ಅಲೆಗಳು ಅಲ್ಲಿ ಪರಸ್ಪರ ವಿರುದ್ಧವಾಗಿಯೇ ಇಲ್ಲವಲ್ಲ?

ಉತ್ತರ: ಅಕ್ಕಪಕ್ಕದವು ವಿರುದ್ಧವಾಗಿಲ್ಲ, ನಿಜ. ಆದರೆ ಒಂದನೆಯದಕ್ಕೆ ಮೂರನೆಯದೂ ಎರಡನೆಯದಕ್ಕೆ ನಾಲ್ಕನೆಯದೂ ಸರಿಯಾಗಿ 180 ಡಿಗ್ರಿ ಹಿಂದಿರುತ್ತವೆ. ಪರಸ್ಪರ ಅಳಿಸಿಕೊಳ್ಳುವ ಜೋಡಿಗಳು ಇವೇ.

ಇದನ್ನು ಕಾಗದದ ಮೇಲೆ ಕಾಣಲು ಪ್ರತಿ ಅಲೆಯನ್ನೂ ಒಂದು ಬಾಣವೆಂದು, ಅಂದರೆ ಫೇಸರ್ ಎಂದು, ಎಣಿಸಿ. ಬಾಣದ ಉದ್ದ ಅಲೆಯ ಪಾರ `a`. ಒಂದು ಬಾಣದ ತುದಿಯಿಂದ ಮುಂದಿನದನ್ನು ಹೊರಡಿಸುವಾಗ ಅದನ್ನು ಪ್ರಾವಸ್ಥಾಂತರ `δ` ದಷ್ಟು ತಿರುಗಿಸಬೇಕು. ಮೊದಲ ಬಾಣದ ಬುಡದಿಂದ ಕೊನೆಯ ಬಾಣದ ತುದಿಗೆ ಎಳೆದ ಗೆರೆಯೇ ಫಲಿತ ಪಾರ. `δ` ಸೊನ್ನೆಯಾದಾಗ ನಾಲ್ಕೂ ಒಂದೇ ಗೆರೆಯಲ್ಲಿ ನಿಂತು `4a` ಬರುತ್ತದೆ, ತೀವ್ರತೆ ಪಾರದ ವರ್ಗದಂತೆ ಬದಲಾಗುವುದರಿಂದ ಒಂದೇ ಸೀಳಿನ ಹದಿನಾರು ಪಟ್ಟು ಬೆಳಕು. 90 ಡಿಗ್ರಿಗೆ ಬಾಣಗಳು ಚೌಕವಾಗಿ ಮುಚ್ಚಿಕೊಳ್ಳುತ್ತವೆ, ಫಲಿತ ಸೊನ್ನೆ.

ಕುತೂಹಲದ ಸ್ಥಿತಿಯೆಂದರೆ 120 ಡಿಗ್ರಿಯದು. ಇಲ್ಲಿ ಮೊದಲ ಮೂರು ಬಾಣಗಳು ತ್ರಿಕೋನವಾಗಿ ಮುಗಿದುಹೋಗಿ, ನಾಲ್ಕನೆಯದು ಒಂಟಿಯಾಗಿ ಉಳಿಯುತ್ತದೆ: ಪಾರ `a`, ತೀವ್ರತೆ ಮುಖ್ಯ ಪಟ್ಟಿಯ 1/16 ಭಾಗ. ಎರಡು ಕತ್ತಲೆಗಳ ನಡುವೆ ಮಂಕಾದ ಪಟ್ಟಿಯೊಂದು ಕಾಣುವುದು ಇದರಿಂದಲೇ. ಅದರ ಶಿಖರ ಮಾತ್ರ ಇನ್ನೂ ಸ್ವಲ್ಪ ಮುಂದೆ, ಸುಮಾರು 132 ಡಿಗ್ರಿಯಲ್ಲಿದೆ. ಅಲ್ಲಿ ಪಾರ ಸುಮಾರು `1.09a`.

ಸೀಳುಗಳ ಸಂಖ್ಯೆ `N` ಎಷ್ಟೇ ಇರಲಿ, ಬಾಣಗಳ ತುದಿಗಳೆಲ್ಲ ಒಂದು ವೃತ್ತದ ಮೇಲೆ ಬೀಳುತ್ತವೆ. ಅದರ ತ್ರಿಜ್ಯ `R` ಆದರೆ ಒಂದು ಬಾಣವು ಕೇಂದ್ರದಲ್ಲಿ `δ` ಕೋನವನ್ನು ಮಾಡುವ ಜ್ಯಾ, ಆದ್ದರಿಂದ `a = 2R sin(δ/2)`. ಫಲಿತವು `Nδ` ಕೋನದ ಜ್ಯಾ, ಆದ್ದರಿಂದ `A = 2R sin(Nδ/2)`. ಭಾಗಿಸಿದರೆ `R` ಹೋಗುತ್ತದೆ:

`A = a sin(Nδ/2) / sin(δ/2)`

`δ` ಸೊನ್ನೆಯಾದಾಗ ಈ ಸೂತ್ರ 0/0 ಎನ್ನುತ್ತದೆ. ಬಾಣಗಳು ನೆಟ್ಟಗಾಗಿ ವೃತ್ತವೇ ಉಳಿಯದ ಸ್ಥಿತಿ ಅದು. ಅಲ್ಲಿ `Na` ಎಂದು ನೇರವಾಗಿ ಕೂಡಿಸುವುದೇ ಸರಿ.

ಅಳತೆಯಲ್ಲಿ ಹೇಳುವುದಾದರೆ, 633 ನ್ಯಾನೋಮೀಟರಿನ ಕೆಂಪು ಲೇಸರ್, 0.125 ಮಿ.ಮೀ. ಅಂತರದ ಸೀಳುಗಳು ಮತ್ತು 2 ಮೀಟರ್ ದೂರದ ಪರದೆ ಇದ್ದರೆ ಮುಖ್ಯ ಪಟ್ಟಿಗಳ ಅಂತರ ಸುಮಾರು 10 ಮಿ.ಮೀ. ಎರಡೇ ಸೀಳುಗಳನ್ನು ತೆರೆದಾಗ ಮೊದಲ ಕತ್ತಲೆ ನಡುವಿನಿಂದ 5 ಮಿ.ಮೀ.ನಲ್ಲಿದ್ದರೆ, ನಾಲ್ಕನ್ನು ತೆರೆದಾಗ ಅದು 2.5 ಮಿ.ಮೀ.ಗೆ ಸರಿಯುತ್ತದೆ. ಮುಖ್ಯ ಪಟ್ಟಿ ತಾನಿದ್ದಲ್ಲೇ ಇದ್ದು ಕಿರಿದಾಗುತ್ತದೆ. ಪ್ರತಿ ಸೀಳಿನದೇ ವಿವರ್ತನೆಯಿಂದಾಗಿ ಪರದೆಯ ಅಂಚಿನತ್ತ `a` ಕುಗ್ಗುವುದನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ.

ಆ 2.5 ಮಿ.ಮೀ. ಜಾಗ ಪೂರ್ತಿ ಕಪ್ಪಾಗದಿದ್ದರೆ ಸೀಳುಗಳನ್ನು ಪರೀಕ್ಷಿಸಿ. ಒಂದು ಸೀಳು ದೂಳಿನಿಂದ ಮುಚ್ಚಿಹೋಗಿದ್ದರೆ ಚೌಕದ ಒಂದು ಭುಜ ಕಳೆದಂತೆ. ಆಗ ಅಲ್ಲಿ `a` ಪಾರ ಉಳಿದು, ನಡುವಿನ ಪಟ್ಟಿಯ ಒಂಬತ್ತನೆಯ ಒಂದು ಭಾಗದಷ್ಟು ಬೆಳಕು ಕಾಣುತ್ತದೆ.