ಮಗುವಿನ ರಕ್ತದಲ್ಲಿ ಸೀಸ 18: ಜಾಸ್ತಿಯೋ, ಕಡಿಮೆಯೋ?

ಮಗುವಿಗೆ ರಕ್ತ ಕಡಿಮೆ ಇದೆ, ಊಟ ಸೇರುತ್ತಿಲ್ಲ ಎಂದು ಪರೀಕ್ಷೆ ಮಾಡಿಸುವಾಗ ಸೀಸದ ಪರೀಕ್ಷೆಯೂ ಆಗಿ, ವರದಿಯಲ್ಲಿ 18 µg/dL ಎಂದು ಬಂತು ಅಂದ್ಕೊಳ್ಳಿ. ಅಂದರೆ ಒಂದು ಡೆಸಿಲೀಟರ್ ರಕ್ತದಲ್ಲಿ 18 ಮೈಕ್ರೋಗ್ರಾಂ ಸೀಸ. ಈಗ ಗೊಂದಲ ಶುರು. ಒಂದು ಕಡೆ 10ರ ಒಳಗಿರಬೇಕು ಎಂದಿರುತ್ತದೆ, ಇನ್ನೊಂದು ಕಡೆ 5, ಮತ್ತೊಂದು ಕಡೆ 3.5. ಡಾಕ್ಟರನ್ನು ಕೇಳಿದರೆ 45 ದಾಟಿಲ್ಲ, ಸೀಸ ಇಳಿಸುವ ಔಷಧಿ ಬೇಡ ಎನ್ನುತ್ತಾರೆ. ಇವು ಯಾವುವೂ ಸುಳ್ಳಲ್ಲ. ಕೆಲವು ಬೇರೆ ಬೇರೆ ಕಾಲದ ಗೆರೆಗಳು, ಕೆಲವು ಬೇರೆ ಬೇರೆ ಪ್ರಶ್ನೆಗೆ ಉತ್ತರಗಳು.

ಮಕ್ಕಳ ಮೈಗೆ ಮನೆಯಿಂದಲೇ ಸೀಸ ಸೇರುತ್ತದೆ ಎಂಬುದು ಹೊಸ ಸುದ್ದಿಯೇನಲ್ಲ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಲಾಕ್‌ಹಾರ್ಟ್ ಗಿಬ್ಸನ್ ಎಂಬ ಡಾಕ್ಟರ್ 1904ರಲ್ಲೇ ವರಾಂಡದ ಕಂಬಿಗೆ ಬಳಿದ ಬಣ್ಣದ ಕಡೆ ಬೆರಳು ತೋರಿಸಿದ್ದರು. ಆಮೇಲೂ ದಶಕಗಳ ಕಾಲ ಸೀಸ ಬಣ್ಣದಲ್ಲಿತ್ತು, 1920ರ ದಶಕದಿಂದ ಪೆಟ್ರೋಲಿಗೂ ಸೇರಿತು. ಅಮೆರಿಕದಲ್ಲಿ 1960ರ ದಶಕದವರೆಗೆ ಮಗುವಿನ ರಕ್ತದಲ್ಲಿ 60ರವರೆಗೆ ಸೀಸವಿದ್ದರೂ ತೊಂದರೆಯಿಲ್ಲ ಎನ್ನುತ್ತಿದ್ದರು. ಆ ಗೆರೆ 40ಕ್ಕೆ, 1975ರಲ್ಲಿ 30ಕ್ಕೆ, 1985ರಲ್ಲಿ 25ಕ್ಕೆ, 1991ರಲ್ಲಿ 10ಕ್ಕೆ ಇಳಿಯಿತು.

ಯಾಕೆ ಇಳಿಯಿತು? ಮೊದಲು ಹೊಟ್ಟೆನೋವು, ಫಿಟ್ಸ್, ಪ್ರಜ್ಞೆ ತಪ್ಪುವುದು ಇವನ್ನಷ್ಟೇ ನೋಡುತ್ತಿದ್ದರು, ಇವಿಲ್ಲದಿದ್ದರೆ ಮಗು ಚೆನ್ನಾಗಿದೆ ಎಂದು ಲೆಕ್ಕ. 1979ರಲ್ಲಿ ಹರ್ಬರ್ಟ್ ನೀಡಲ್‌ಮನ್ ಎಂಬ ಮಕ್ಕಳ ತಜ್ಞ ಶಾಲಾ ಮಕ್ಕಳ ಬಿದ್ದುಹೋದ ಹಾಲುಹಲ್ಲುಗಳನ್ನು ಸಂಗ್ರಹಿಸಿ ಅದರಲ್ಲಿನ ಸೀಸ ಅಳೆದರು. ನೋಡಲು ಆರೋಗ್ಯವಾಗಿದ್ದ ಮಕ್ಕಳಲ್ಲೇ, ಹಲ್ಲಿನಲ್ಲಿ ಸೀಸ ಜಾಸ್ತಿ ಇದ್ದವರು ಬುದ್ಧಿ ಪರೀಕ್ಷೆಯಲ್ಲೂ ಗಮನ ಕೊಡುವುದರಲ್ಲೂ ಹಿಂದಿದ್ದರು. ಇನ್ನೊಂದು ಸಂಗತಿ ನೋಡಿ. 1970ರ ದಶಕದ ಕೊನೆಯಲ್ಲಿ ಅಮೆರಿಕದ ಐದು ವರ್ಷದೊಳಗಿನ ಮಕ್ಕಳ ರಕ್ತದಲ್ಲಿ ಸೀಸದ ಸರಾಸರಿಯೇ ಸುಮಾರು 15 ಇತ್ತು. ಅಂದರೆ ನಮ್ಮ ಈ 18ರ ಮಗು ಆಗ ಹೆಚ್ಚುಕಡಿಮೆ ಸರಾಸರಿ ಮಗು! ಎಲ್ಲರಲ್ಲೂ ಇದೆ ಎಂದ ಮಾತ್ರಕ್ಕೆ ಅದು ಸಹಜ ಆಗುವುದಿಲ್ಲ. ಪೆಟ್ರೋಲಿನ ಸೀಸ ಕಡಿಮೆಯಾದ ಹಾಗೆ ಮಕ್ಕಳ ರಕ್ತದ ಸೀಸವೂ ಇಳಿಯಿತಲ್ಲ, ಅದೇ ಸಾಕ್ಷಿ.

ನಮ್ಮಲ್ಲಿ ಇದು ತಡವಾಗಿ ಶುರುವಾಯಿತು. 1990ರ ದಶಕದ ಕೊನೆಗೆ ಬೆಂಗಳೂರಿನ ಜಾರ್ಜ್ ಫೌಂಡೇಶನ್ ಹಲವು ನಗರಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಅರ್ಧಕ್ಕಿಂತ ಜಾಸ್ತಿ ಮಕ್ಕಳು 10ರ ಗೆರೆ ದಾಟಿದ್ದರು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ತುಪ್ಪಿಲ್ ವೆಂಕಟೇಶ್ ಸೀಸದ ವಿಷಯವನ್ನು ವರ್ಷಗಟ್ಟಲೆ ಬಿಡದೆ ಹಿಡಿದರು. 2000ದ ಫೆಬ್ರವರಿಯಿಂದ ದೇಶದೆಲ್ಲೆಡೆ ಸೀಸವಿಲ್ಲದ ಪೆಟ್ರೋಲ್ ಬಂತು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ದಾಟಬಾರದು ಎಂಬ ನಿಯಮ ಜಾರಿಗೆ ಬರಲು ಮಾತ್ರ 2017ರ ಕೊನೆಯವರೆಗೆ ಕಾಯಬೇಕಾಯಿತು. ಹದಿನೇಳು ವರ್ಷದಲ್ಲಿ ಎಷ್ಟು ಗೋಡೆಗಳಿಗೆ ಎಷ್ಟು ಸಲ ಬಣ್ಣ ಬಳಿದಿರಬಹುದು, ಅಲ್ವಾ? ಪೆಟ್ರೋಲಿನದು ಮುಗಿದ ಮೇಲೆ ಸೀಸ ಒಂದೇ ದೊಡ್ಡ ಮೂಲದಿಂದ ಬರುವುದು ನಿಂತು, ಮನೆಮನೆಗೆ ಬೇರೆ ಬೇರೆ ದಾರಿಯಲ್ಲಿ ಬರತೊಡಗಿತು. ಹಳೆ ಬ್ಯಾಟರಿ ಒಡೆದು ಸೀಸ ಕರಗಿಸುವ ಶೆಡ್ಡಿನ ಧೂಳು, ಎದ್ದುಬರುವ ಹಳೆ ಬಣ್ಣ, ಹೊಳಪಿಗೆಂದು ಹಳದಿ ಸೀಸದ ಪುಡಿ ಬೆರೆಸಿದ ಅರಿಶಿನ, ಸುರ್ಮಾ, ಸೀಸ ಬೆರೆತ ತವರದಿಂದ ಕಲಾಯಿ ಹಾಕಿದ ಪಾತ್ರೆ, ಕೆಲವು ಭಸ್ಮದ ಔಷಧಿಗಳು. ಇವನ್ನೆಲ್ಲ ಒಂದೇ ಕಾನೂನಿನಿಂದ ನಿಲ್ಲಿಸಲು ಆಗುವುದಿಲ್ಲ. ಪರೀಕ್ಷೆಯನ್ನು ಎಲ್ಲ ಮಕ್ಕಳಿಗೂ ಮಾಡಿಸುವ ಪದ್ಧತಿಯೂ ನಮ್ಮಲ್ಲಿ ಇಲ್ಲ. ನನ್ನ ಮಟ್ಟಿಗೆ ಇಡೀ ಕತೆಯಲ್ಲಿ ಬೇಜಾರಾಗುವುದು ಇಲ್ಲೇ: ಮೂಲವನ್ನು ಮೊದಲು ಹುಡುಕುವ ಬದಲು, ಮಗುವಿನ ರಕ್ತದಲ್ಲಿ ಕಾಣಿಸಿದ ಮೇಲೆ ಹುಡುಕಲು ಹೊರಡುತ್ತೇವೆ.

ಗೆರೆ ಮಾತ್ರ ಇಳಿಯುತ್ತಲೇ ಹೋಯಿತು. ಅಮೆರಿಕದಲ್ಲಿ 2012ರಲ್ಲಿ 5, 2021ರಲ್ಲಿ 3.5. ಇದು ಸುರಕ್ಷಿತ ಮಿತಿ ಅಲ್ಲ, ಅಲ್ಲಿನ ಉಳಿದ ಮಕ್ಕಳಿಗಿಂತ ಈ ಮಗುವಿಗೆ ಜಾಸ್ತಿ ಇದೆ ಎಂದು ಗುರುತಿಸುವ ಗೆರೆ ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆ 5 ಮುಟ್ಟಿದರೆ ಮೂಲ ಹುಡುಕಿ ಎನ್ನುತ್ತದೆ. 45 ಎಂಬುದು ಮೈಯಿಂದ ಸೀಸ ಹೊರಗೆ ಹಾಕುವ ಔಷಧಿ ಕೊಡಬೇಕಾದ ಗೆರೆ. ಅದರ ಕೆಳಗೆ ಕೊಟ್ಟರೆ ಲಾಭ ಆಗುತ್ತದಾ ಎಂದು ಅಮೆರಿಕದಲ್ಲಿ 20ರಿಂದ 44ರ ನಡುವಿನ ಮಕ್ಕಳಿಗೆ ಸಕ್ಸಿಮರ್ ಎಂಬ ಅಂಥ ಔಷಧಿ ಕೊಟ್ಟು ನೋಡಿದರು. ರಕ್ತದ ಅಂಕಿ ಇಳಿಯಿತು, ಕಲಿಕೆ, ಬುದ್ಧಿ ಸುಧಾರಿಸಲಿಲ್ಲ. 2001ರಲ್ಲಿ ಪ್ರಕಟವಾದ ಆ ಫಲಿತಾಂಶದಿಂದಲೇ 18ಕ್ಕೆ ಔಷಧಿ ಬೇಡ ಎನ್ನುತ್ತಾರೆ. ಔಷಧಿ ಬೇಡ ಎಂದರೆ ಏನೂ ಬೇಡ ಎಂದಲ್ಲ.

ಈಗ ಮಗುವಿಗೆ ಬರೋಣ. ಎರಡೂವರೆ ವರ್ಷ, 10 ಕಿಲೋ ತೂಕ, ಮಣ್ಣು ತಿನ್ನುವ ಅಭ್ಯಾಸ ಇದೆ, ತಂದೆ ಬ್ಯಾಟರಿ ಕೆಲಸ ಮಾಡುತ್ತಾರೆ ಎಂದು ಇಟ್ಟುಕೊಳ್ಳಿ. ಹಿಮೋಗ್ಲೋಬಿನ್ 8.2, ಕೆಂಪು ರಕ್ತಕಣ ಚಿಕ್ಕದಾಗಿವೆ, ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ತೋರಿಸುವ ಫೆರಿಟಿನ್ 6. ಸೀಸ 18. ರಕ್ತ ಕಡಿಮೆ ಆಗಿದ್ದು ಸೀಸದಿಂದಲೇ? ಸೀಸ ಹಿಮೋಗ್ಲೋಬಿನ್ ತಯಾರಿಕೆಯ ಮಧ್ಯೆ ಅಡ್ಡ ಬಂದು, ಕಬ್ಬಿಣ ಕೊನೆಯಲ್ಲಿ ಸೇರಿಕೊಳ್ಳಬೇಕಾದ ಹಂತವನ್ನೂ ಕೆಡಿಸುತ್ತದೆ, ನಿಜ. ಆದರೆ ಅಷ್ಟರಿಂದಲೇ ಎದ್ದು ಕಾಣುವ ರಕ್ತಹೀನತೆ ಬರುವುದು ಸಾಮಾನ್ಯವಾಗಿ 40 ದಾಟಿದ ಮೇಲೆ. 18ರಲ್ಲಿ, ಅದೂ ಫೆರಿಟಿನ್ ಇಷ್ಟು ಕೆಳಗಿದ್ದಾಗ, ಮುಖ್ಯ ಕಾರಣ ಕಬ್ಬಿಣದ ಕೊರತೆ. ಹಾಗೆಂದು ಸೀಸವನ್ನು ಪಕ್ಕಕ್ಕಿಡುವ ಹಾಗಿಲ್ಲ, ಯಾಕೆಂದರೆ ಕಬ್ಬಿಣ ಕಡಿಮೆ ಇದ್ದಾಗ ಕರುಳು ಕಬ್ಬಿಣ ಹೀರುವ ಅದೇ ದಾರಿಯನ್ನು ಇನ್ನಷ್ಟು ತೆರೆಯುತ್ತದೆ, ಆ ದಾರಿಯಲ್ಲೇ ಸೀಸವೂ ಒಳಗೆ ಬರುತ್ತದೆ. ಕಬ್ಬಿಣದ ಕೊರತೆಯಿರುವ ಮಕ್ಕಳಲ್ಲೇ ಮಣ್ಣು, ಸುಣ್ಣ ತಿನ್ನುವ ಚಪಲವೂ ಜಾಸ್ತಿ. ಹಸಿವಿಲ್ಲದೆ ಖಾಲಿ ಹೊಟ್ಟೆಯಲ್ಲಿದ್ದರೆ ಸೀಸ ಇನ್ನೂ ಬೇಗ ಸೇರುತ್ತದೆ. ಹಸಿವು ಹೋಗಿದ್ದು ಯಾವುದರಿಂದ ಎಂದು ಬಿಡಿಸಿ ಹೇಳುವುದು ಕಷ್ಟ, ಎರಡರಿಂದಲೂ ಆಗುತ್ತದೆ.

ಮೊದಲ ಕೆಲಸ, 18 ನಿಜವೇ ಎಂದು ನೋಡುವುದು. ಬೆರಳು ಚುಚ್ಚಿ ತೆಗೆದ ರಕ್ತವಾದರೆ ಚರ್ಮದ ಮೇಲಿನ ಧೂಳಿನ ಸೀಸವೂ ಅದರಲ್ಲಿ ಸೇರಿರಬಹುದು. ಅದಕ್ಕೆ ಒಂದು ತಿಂಗಳೊಳಗೆ ನರದಿಂದ ರಕ್ತ ತೆಗೆದು ಮತ್ತೆ ಪರೀಕ್ಷೆ. ಡಾಕ್ಟರ್ ಹೇಳಿದ ಪ್ರಮಾಣದಲ್ಲಿ ಕಬ್ಬಿಣ ಶುರು, ಸಾಮಾನ್ಯವಾಗಿ ಕಿಲೋ ತೂಕಕ್ಕೆ ದಿನಕ್ಕೆ 3 ಮಿಲಿಗ್ರಾಂನಿಂದ, ಈ ಮಗುವಿಗೆ 30 ಮಿಲಿಗ್ರಾಂ. ಇದು ಸಿರಪ್ಪಿನಲ್ಲಿರುವ ಶುದ್ಧ ಕಬ್ಬಿಣದ ಲೆಕ್ಕ, ಸಿರಪ್ಪಿನ ಅಳತೆ ಅಲ್ಲ. ತಂದೆ ಕೆಲಸದ ಬಟ್ಟೆ, ಚಪ್ಪಲಿ ಮನೆಯೊಳಗೆ ತರದೆ ಅಲ್ಲೇ ಸ್ನಾನ ಮಾಡಿ ಬರಬೇಕು. ನೆಲ ಗುಡಿಸಿದರೆ ಧೂಳು ಏಳುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಮನೆಯ ಉಳಿದ ಮಕ್ಕಳಿಗೂ, ತಾಯಿ ಬಸುರಿಯಾಗಿದ್ದರೆ ಆಕೆಗೂ ಪರೀಕ್ಷೆ ಮಾಡಿಸಬೇಕು.

ರಕ್ತದಲ್ಲಿರುವ ಸೀಸ ಅರ್ಧಕ್ಕೆ ಇಳಿಯಲು ಸುಮಾರು ಒಂದು ತಿಂಗಳು ಬೇಕು, ಆದರೆ ಮೂಳೆಯಲ್ಲಿ ಕೂತಿದ್ದು ವರ್ಷಗಟ್ಟಲೆ ನಿಧಾನವಾಗಿ ರಕ್ತಕ್ಕೆ ಮರಳುತ್ತಿರುತ್ತದೆ. ಹಾಗಾಗಿ 18 ಎಂಬುದು ಮುಖ್ಯವಾಗಿ ಈಚಿನ ತಿಂಗಳುಗಳ ಲೆಕ್ಕ, ಹಿಂದೆ ಎಷ್ಟು ಏರಿತ್ತು ಎಂದು ಅದು ಹೇಳುವುದಿಲ್ಲ. ಒಂದು ತಿಂಗಳು ಸರಿಯಾಗಿ ಕಬ್ಬಿಣ ಕೊಟ್ಟ ಮೇಲೆ ಹಿಮೋಗ್ಲೋಬಿನ್ ಕನಿಷ್ಠ 1ರಷ್ಟಾದರೂ ಏರಬೇಕು. ಏರದಿದ್ದರೆ ಸಿರಪ್ ನಿಜವಾಗಿ ಹೊಟ್ಟೆಗೆ ಹೋಗುತ್ತಿದೆಯೇ ನೋಡಬೇಕು, ಅದೇ ತರಹ ಚಿಕ್ಕ ರಕ್ತಕಣ ಕಾಣಿಸುವ, ತಂದೆ ತಾಯಿಯಿಂದ ಬರುವ ಥಲಸೀಮಿಯಾ ಅಂಶ ಇದೆಯೇ ಎಂದೂ ಪರೀಕ್ಷಿಸಬೇಕು. ಹಿಮೋಗ್ಲೋಬಿನ್ ಏರಿ, ಮಗು ಊಟ ಮಾಡಲು ಶುರು ಮಾಡಿ, ಮೂರು ತಿಂಗಳ ಮೇಲೂ ಸೀಸ ಮಾತ್ರ 17, 18ರಲ್ಲೇ ನಿಂತಿದ್ದರೆ ಮೂಲ ಇನ್ನೂ ಮನೆಯಲ್ಲೇ ಇರುವ ಸಾಧ್ಯತೆಯೇ ಜಾಸ್ತಿ. ಆಗ ಬ್ಯಾಟರಿ ಬಿಟ್ಟು ಅರಿಶಿನದ ಡಬ್ಬಿ, ಅಡುಗೆ ಪಾತ್ರೆ, ಕಣ್ಣಿಗೆ ಹಚ್ಚುವ ಸುರ್ಮಾ, ಕಿಟಕಿಯ ಬಣ್ಣ ಎಲ್ಲವನ್ನೂ ಒಂದೊಂದಾಗಿ ನೋಡಬೇಕು.