ಕೊನೆಯ ಹತ್ತು ವರ್ಷದ ಲೆಕ್ಕ: ಆಸ್ಪತ್ರೆ ಬಿಲ್ಲಲ್ಲ, ಮನೆಯ ಆರೈಕೆ

ನಮ್ಮ ದೊಡ್ಡಮ್ಮ ಬಚ್ಚಲಿನ ಹೊಸ್ತಿಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ಅವರಿಗೆ 79. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು, ಬಿಲ್ಲು 3.4 ಲಕ್ಷ ಆಯಿತು. ವಿಮೆಯವರು 3.05 ಲಕ್ಷ ಕೊಟ್ಟರು. ಗ್ಲೌಸು, ಸಿರಿಂಜು, ಅದು ಇದು ಅಂತ ಕಳೆದ 35 ಸಾವಿರ ನಾವು ಕಟ್ಟಿದೆವು. ಮನೆಯವರೆಲ್ಲ 'ಸದ್ಯ, ಪಾಲಿಸಿ ಇತ್ತಲ್ಲ' ಅಂದುಕೊಂಡೆವು.

ಮನೆಗೆ ಬಂದ ಮೇಲೆ ಅವರು ಇನ್ನೂ 26 ತಿಂಗಳು ಬದುಕಿದ್ದರು. ಹೋಮ್ ನರ್ಸು, ಡೈಪರ್, ಫಿಸಿಯೋ, ಬಾಡಿಗೆಗೆ ತಂದ ಮಂಚ, ಎಲ್ಲ ಸೇರಿ ತಿಂಗಳಿಗೆ ಸರಾಸರಿ 31 ಸಾವಿರ. ಒಟ್ಟು 8 ಲಕ್ಷ ದಾಟಿತು. ಆಸ್ಪತ್ರೆಯಿಂದ ಬಂದ ನಂತರದ 60 ದಿನದ ಔಷಧಿ ಬಿಲ್ಲು ಬಿಟ್ಟರೆ ವಿಮೆಯಿಂದ ಒಂದು ರೂಪಾಯಿಯೂ ಬರಲಿಲ್ಲ. ವಿಮೆ ಕಂಪನಿ ಮೋಸ ಮಾಡಿತು ಅನ್ನುವ ಹಾಗಿಲ್ಲ. ಪಾಲಿಸಿಯಲ್ಲೇ ಹಾಗೆ ಬರೆದಿತ್ತು, ನಾವು ಓದಿರಲಿಲ್ಲ.

ನಿವೃತ್ತಿ ಯೋಜನೆ ಕಲಿಯುತ್ತಿರುವವರು ಮೊದಲು ಓದಬೇಕಾದದ್ದು ಆ ಒಂದು ಪ್ಯಾರಾ. ನಿಮ್ಮ ಮನೆಯ ಯಾವುದಾದರೂ ಆರೋಗ್ಯ ವಿಮೆ ಪಾಲಿಸಿ ತೆಗೆದು, ಏನೇನು ಸಿಗುವುದಿಲ್ಲ ಅನ್ನುವ ಪಟ್ಟಿಯಲ್ಲಿ `Excl05` ಅಂತ ಹುಡುಕಿ. ವಿಮಾ ನಿಯಂತ್ರಕರು ಗೊತ್ತುಮಾಡಿದ ಒಂದೇ ಥರದ ಪದಗಳು, ಹಾಗಾಗಿ ಕಂಪನಿ ಯಾವುದಾದರೂ ಅದೇ ಸಿಗುತ್ತದೆ. ಸ್ನಾನ ಮಾಡಿಸುವುದು, ಬಟ್ಟೆ ಹಾಕುವುದು, ಎತ್ತಿ ಕೂರಿಸುವುದು, ಓಡಾಡಿಸುವುದು, ಇಂಥ ದಿನನಿತ್ಯದ ಕೆಲಸಕ್ಕೆ ಮನೆಯಲ್ಲಾಗಲಿ ನರ್ಸಿಂಗ್ ಹೋಮಿನಲ್ಲಾಗಲಿ ಆಗುವ ಖರ್ಚು ಕೊಡುವುದಿಲ್ಲ. ಮಾಡುವವರು ತರಬೇತಾದ ನರ್ಸ್ ಆಗಿದ್ದರೂ ಕೊಡುವುದಿಲ್ಲ. 70 ದಾಟಿದ ಎಲ್ಲರಿಗೂ ಅಂತ 2024ರ ಅಕ್ಟೋಬರಿನಲ್ಲಿ ವಿಸ್ತರಿಸಿದ ಆಯುಷ್ಮಾನ್ ಯೋಜನೆಯ 5 ಲಕ್ಷವೂ ಆಸ್ಪತ್ರೆಗೆ ದಾಖಲಾದರೆ ಮಾತ್ರ. ಅಂದರೆ ಮೂಳೆ ಮುರಿದ ಒಂಬತ್ತು ದಿನಕ್ಕೆ ಎರಡೆರಡು ಛತ್ರಿ ಇವೆ, ಆಮೇಲಿನ 26 ತಿಂಗಳಿಗೆ ಒಂದೂ ಇಲ್ಲ.

ಆದ್ದರಿಂದ 'ಎಷ್ಟು ತೆಗೆದಿಡಬೇಕು' ಅನ್ನುವುದನ್ನು ಎರಡಾಗಿ ಒಡೆಯಿರಿ. ಆಸ್ಪತ್ರೆಯ ಪಾಲನ್ನು ವಿಮೆಗೆ ಬಿಡಿ, ಅದರ ಪ್ರೀಮಿಯಂ ಮತ್ತು ಕೈಯಿಂದ ಹೋಗುವ ಅಂತರಕ್ಕೆ ಮಾತ್ರ ದುಡ್ಡಿಡಿ. ಮನೆಯ ಆರೈಕೆ ಪೂರ್ತಿ ನಿಮ್ಮದೇ. ಈ ಟಿಪ್ಪಣಿ ಅದರ ಬಗ್ಗೆ.

ಹತ್ತು ವರ್ಷ ಅಂದರೆ ಒಂದೇ ಥರದ ಹತ್ತು ವರ್ಷವಲ್ಲ

ಒಂದು ಲೆಕ್ಕ ಮಾಡೋಣ. ರಾಯರಿಗೆ 72, ಅವರ ಹೆಂಡತಿಗೆ 68, ಬೆಂಗಳೂರಿನಲ್ಲಿ ಸ್ವಂತ ಮನೆ, ಮಕ್ಕಳು ಹೊರಗಿದ್ದಾರೆ. ಕೊನೆಯ ಹತ್ತು ವರ್ಷ ರಾಯರಿಗೆ 78ಕ್ಕೆ ಶುರುವಾಗುತ್ತದೆ ಅಂದುಕೊಳ್ಳಿ. ಕೆಳಗಿನ ದರಗಳು ನಾನು ಲೆಕ್ಕಕ್ಕೆ ಹಾಕಿಕೊಂಡವು. ನಿಮ್ಮ ಊರಿನಲ್ಲಿ ಎರಡು ಏಜೆನ್ಸಿಗೆ ಫೋನು ಮಾಡಿ ಕೇಳಿ ಬದಲಿಸಿಕೊಳ್ಳಿ.

ಮೊದಲ ಐದು ವರ್ಷ ಮನುಷ್ಯ ತನ್ನ ಕೆಲಸ ತಾನೇ ಮಾಡಿಕೊಳ್ಳುತ್ತಾನೆ. ಬಿಪಿ, ಸಕ್ಕರೆ, ಕಣ್ಣು, ಹಲ್ಲು, ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ತಿಂಗಳಿಗೆ 8 ಸಾವಿರ, ಐದು ವರ್ಷಕ್ಕೆ 4.8 ಲಕ್ಷ.

ನಂತರದ ಮೂರು ವರ್ಷ ಒಬ್ಬರೇ ಸ್ನಾನ ಮಾಡಲು ಭಯ, ರಾತ್ರಿ ಎದ್ದರೆ ಹಿಡಿದುಕೊಳ್ಳಬೇಕು. ದಿನಕ್ಕೆ ಹನ್ನೆರಡು ಗಂಟೆ ಇರುವ ಒಬ್ಬ ಅಟೆಂಡರ್ 22 ಸಾವಿರ, ಔಷಧಿ ವಗೈರೆ 10 ಸಾವಿರ. ತಿಂಗಳಿಗೆ 32 ಸಾವಿರದಂತೆ ಮೂರು ವರ್ಷಕ್ಕೆ 11.5 ಲಕ್ಷ.

ಕೊನೆಯ ಎರಡು ವರ್ಷ ಹಾಸಿಗೆ. ಇಪ್ಪತ್ತನಾಲ್ಕು ಗಂಟೆಯ ಅಟೆಂಡರ್ 35 ಸಾವಿರ, ಡೈಪರ್ ಮತ್ತು ಶುಚಿ ಸಾಮಾನು 8 ಸಾವಿರ, ಔಷಧಿ ಮತ್ತು ಫಿಸಿಯೋ 12 ಸಾವಿರ. ತಿಂಗಳಿಗೆ 55 ಸಾವಿರ, ಎರಡು ವರ್ಷಕ್ಕೆ 13.2 ಲಕ್ಷ.

ಒಟ್ಟು 29.5 ಲಕ್ಷ, ಇವತ್ತಿನ ಬೆಲೆಯಲ್ಲಿ. ಇದರಲ್ಲಿ ಕೊನೆಯ ಎರಡು ವರ್ಷದ ಪಾಲು ಹತ್ತಿರ ಹತ್ತಿರ ಅರ್ಧ. 'ತಿಂಗಳಿಗೆ ಇಷ್ಟು, ಹನ್ನೆರಡರಿಂದ ಗುಣಿಸು, ಹತ್ತರಿಂದ ಗುಣಿಸು' ಅನ್ನುವ ಲೆಕ್ಕ ದಾರಿ ತಪ್ಪುವುದೇ ಇಲ್ಲಿ. 78ನೇ ವಯಸ್ಸಿನ ಖರ್ಚು ನೋಡಿ ಗುಣಿಸಿದರೆ ಹತ್ತು ಲಕ್ಷವೂ ಬರುವುದಿಲ್ಲ. ಹಾಸಿಗೆ ಹಿಡಿದವರ ಮನೆ ನೋಡಿ ಹೆದರಿ ಗುಣಿಸಿದರೆ 66 ಲಕ್ಷ ಬರುತ್ತದೆ. ಎರಡೂ ತಪ್ಪು.

ಏಜೆನ್ಸಿ ಹೇಳುವ ದರದ ಮೇಲೆ ಒಂದಿಷ್ಟು ಸೇರಿಸಿಕೊಳ್ಳಿ. ಅಟೆಂಡರ್ ಊಟ ತಿಂಡಿ ನಮ್ಮ ಮನೆಯದು. ಯುಗಾದಿ, ದೀಪಾವಳಿಗೆ ಅವರು ಊರಿಗೆ ಹೋಗುತ್ತಾರೆ, ಹೋಗಬೇಕು ಕೂಡ. ಬದಲಿ ಸಿಗದೆ ಆ ವಾರ ದಿನಗೂಲಿಗೆ ಬರುವವರಿಗೆ ಹೆಚ್ಚು ಕೊಟ್ಟೆವು. ನಮ್ಮ ಅನುಭವದಲ್ಲಿ ಹೇಳಿದ ದರಕ್ಕಿಂತ ಶೇ. 15ರಷ್ಟು ಜಾಸ್ತಿಯೇ ಹೋಯಿತು.

ಏರುವ ಬೆಲೆ: ಒಂದೇ ಭಿನ್ನರಾಶಿ ಸಾಕು

ವೈದ್ಯಕೀಯ ಖರ್ಚು ವರ್ಷಕ್ಕೆ ಇಷ್ಟು ಏರುತ್ತದೆ ಅಂತ ಜಾಹೀರಾತಿನಲ್ಲಿ ಬರುವ ದೊಡ್ಡ ಸಂಖ್ಯೆಗಳು ಬಹುಮಟ್ಟಿಗೆ ಆಸ್ಪತ್ರೆ ಬಿಲ್ಲಿನವು. ಅದರಲ್ಲಿ ಹೊಸ ಯಂತ್ರ, ಹೊಸ ಚಿಕಿತ್ಸೆ ಎಲ್ಲ ಬೆರೆತಿರುತ್ತದೆ. ಅಟೆಂಡರ್ ಬಂದ ಮೇಲೆ ಮನೆ ಆರೈಕೆಯ ಖರ್ಚಿನಲ್ಲಿ ಮೂರರಲ್ಲಿ ಎರಡು ಪಾಲು ಒಬ್ಬ ಮನುಷ್ಯನ ಸಂಬಳ. ಅದು ಕೂಲಿಯ ಜೊತೆ ಏರುತ್ತದೆ, ಸ್ಕ್ಯಾನಿಂಗ್ ಯಂತ್ರದ ಜೊತೆ ಅಲ್ಲ. ಹಾಗಾಗಿ ನಾನು ಶೇ. 8 ಇಟ್ಟುಕೊಂಡಿದ್ದೇನೆ.

ಇನ್ನೊಂದು ಕಡೆ ತೆಗೆದಿಟ್ಟ ದುಡ್ಡೂ ಬೆಳೆಯುತ್ತದೆ. ತೆರಿಗೆ ಕಳೆದು ಶೇ. 6 ಅಂದುಕೊಳ್ಳಿ. ಆಗ ಇವತ್ತಿನ ಬೆಲೆಯನ್ನು ಎಷ್ಟರಿಂದ ಗುಣಿಸಬೇಕು ಅನ್ನುವುದಕ್ಕೆ ಇಷ್ಟು ಸಾಕು:

```
(1.08 / 1.06)^n      n = ಖರ್ಚು ಬರಲು ಇರುವ ವರ್ಷ
```

ರಾಯರ ಕೊನೆಯ ಎರಡು ವರ್ಷ ಬರುವುದು ಇವತ್ತಿನಿಂದ 14 ಮತ್ತು 15ನೇ ವರ್ಷದಲ್ಲಿ. 14ಕ್ಕೆ ಉತ್ತರ 1.30, 15ಕ್ಕೆ 1.32. ಒಂದು ವರ್ಷದ ಖರ್ಚು 6.6 ಲಕ್ಷವನ್ನು ಎರಡರಿಂದಲೂ ಗುಣಿಸಿ ಕೂಡಿದರೆ 17.3 ಲಕ್ಷ. ಉಳಿದ ವರ್ಷಗಳಿಗೂ ಹೀಗೇ ಮಾಡಿದರೆ 29.5 ಲಕ್ಷ ಇದ್ದದ್ದು ಸುಮಾರು 37 ಲಕ್ಷ ಆಗುತ್ತದೆ. ಇಷ್ಟನ್ನು ಇವತ್ತೇ ಬೇರೆ ಇಟ್ಟರೆ ಸಾಕು ಅಂತ ಅರ್ಥ.

ಈಗ 1.08 ಬದಲು 1.12 ಹಾಕಿ ನೋಡಿ. ಮೊತ್ತ 59 ಲಕ್ಷಕ್ಕೆ ಜಿಗಿಯುತ್ತದೆ. ಏರಿಕೆ ಮತ್ತು ಬಡ್ಡಿ ಒಂದೇ ಆಗಿದ್ದರೆ 29.5ರಲ್ಲೇ ನಿಲ್ಲುತ್ತದೆ. ಅಂದರೆ ಬೆಲೆ ಏರಿಕೆ ಎಷ್ಟು ಅನ್ನುವುದಕ್ಕಿಂತ ಅದು ನಿಮ್ಮ ಬಡ್ಡಿಗಿಂತ ಎಷ್ಟು ಮುಂದಿದೆ ಅನ್ನುವುದೇ ಲೆಕ್ಕವನ್ನು ಆಳುತ್ತದೆ. ದುಡ್ಡನ್ನೆಲ್ಲ ಉಳಿತಾಯ ಖಾತೆಯಲ್ಲಿ ಬಿಟ್ಟವರಿಗೆ ಆ ಅಂತರ ತಾನಾಗಿಯೇ ದೊಡ್ಡದಾಗುತ್ತದೆ.

ಇದರ ಮೇಲೆ ಆಸ್ಪತ್ರೆಯ ಅಂತರಕ್ಕೆ 5 ಲಕ್ಷ ಬೇರೆ ಇಡಿ. ಪ್ರೀಮಿಯಂ ತಿಂಗಳ ಮನೆ ಖರ್ಚಿನಲ್ಲೇ ಬರಲಿ. ಈ ಗಂಟಿನಿಂದ ಕಟ್ಟಲು ಶುರು ಮಾಡಿದರೆ ಗಂಟು ಉಳಿಯುವುದಿಲ್ಲ. ಮೊದಲ ಐದು ವರ್ಷದ ಔಷಧಿಯನ್ನೂ ಪಿಂಚಣಿ ತೂಗಿಸಿದರೆ 37ರಲ್ಲಿ ಐದೂವರೆ ಲಕ್ಷ ಕಡಿಮೆಯಾಗುತ್ತದೆ.

ಗಂಡನ ಹತ್ತು, ಹೆಂಡತಿಯ ಹತ್ತು

ಎಲ್ಲರೂ ಕೇಳುವ ಪ್ರಶ್ನೆ: ಇಬ್ಬರಿದ್ದರೆ ಎರಡರಿಂದ ಗುಣಿಸಬೇಕಾ? ನನ್ನ ಉತ್ತರ, ಬೇಡ, ಆದರೆ ಸಮವಾಗಿಯೂ ಹಂಚಬೇಡಿ.

ರಾಯರು ಮೊದಲು ಕುಸಿದರೆ ಹನ್ನೆರಡು ಗಂಟೆಯ ಅಟೆಂಡರ್ ಕೆಲಸವನ್ನು ಬಹುಪಾಲು ಅವರ ಹೆಂಡತಿಯೇ ಮಾಡುತ್ತಾರೆ. ಸಂಬಳವಿಲ್ಲ, ರಜೆಯಿಲ್ಲ. ಆಮೇಲೆ ಆಕೆಯ ಸರದಿ ಬಂದಾಗ ಮನೆಯಲ್ಲಿ ಯಾರೂ ಇರುವುದಿಲ್ಲ, ಪ್ರತಿ ಗಂಟೆಯನ್ನೂ ದುಡ್ಡು ಕೊಟ್ಟು ಕೊಳ್ಳಬೇಕು. ಅಷ್ಟೊತ್ತಿಗೆ ಆದಾಯವೂ ಇಳಿದಿರುತ್ತದೆ: ಕೇಂದ್ರ ಸರ್ಕಾರದ ಹಳೆಯ ಪಿಂಚಣಿಯನ್ನೇ ನೋಡಿ, ನೌಕರನಿಗೆ ಕೊನೆಯ ವೇತನದ ಶೇ. 50, ಕುಟುಂಬ ಪಿಂಚಣಿ ಶೇ. 30. ಅಂದರೆ 50 ಬರುತ್ತಿದ್ದ ಕಡೆ 30.

ಸಾಮಾನ್ಯವಾಗಿ ನಡೆಯುವುದೇನು? ಗಂಡನ ಕಾಯಿಲೆಗೆ ಇದ್ದದ್ದನ್ನೆಲ್ಲ ಸುರಿಯುತ್ತೇವೆ, ಐಸಿಯುವಿನ ಕೊನೆಯ ಮೂರು ವಾರಕ್ಕೆ ಎಫ್‌ಡಿ ಮುರಿಯುತ್ತೇವೆ. ಅದು ಆಕೆಯ ಮುಂದಿನ ಹತ್ತು ವರ್ಷದ ಅಟೆಂಡರ್ ಸಂಬಳ ಅನ್ನುವುದು ಆ ಕ್ಷಣದಲ್ಲಿ ಯಾರಿಗೂ ಕಾಣುವುದಿಲ್ಲ. ಹಾಗಾಗಿ ಆಕೆಯ ಪೂರ್ತಿ ಗಂಟನ್ನು ಆಕೆಯ ಹೆಸರಿನಲ್ಲೇ ಮೊದಲು ಬೇರೆ ಇಡಬೇಕು, ರಾಯರ ಪಾಲಿಗೆ ಅದರ ಅರ್ಧದಷ್ಟು. ನಮ್ಮ ಉದಾಹರಣೆಯಲ್ಲಿ, ಬಡ್ಡಿಗಿಂತ ಏರಿಕೆ ಶೇ. 2 ಮುಂದಿದ್ದರೆ, ಇಬ್ಬರಿಗೂ ಸೇರಿ 55ರಿಂದ 60 ಲಕ್ಷ. ಆಕೆ ಚಿಕ್ಕವರಾದ್ದರಿಂದ ಅವರ n ಇನ್ನೂ ದೊಡ್ಡದು, ಹಾಗಾಗಿ 60ರ ಕಡೆಗೇ ನೋಡುವುದು ಒಳ್ಳೆಯದು.

ಇದು ಸರಾಸರಿ ದಾರಿಗೆ. ಮರೆಗುಳಿ ಕಾಯಿಲೆ ಬಂದು ಎಂಟು ವರ್ಷ ಎಳೆದರೆ ಯಾವ ಗಂಟೂ ಸಾಲದು. ಅದಕ್ಕೆ ದುಡ್ಡು ಕೂಡಿಡಲು ಹೋದರೆ ಬದುಕಿರುವಾಗಲೇ ಉಪವಾಸ. ಆ ಅಪಾಯಕ್ಕೆ ಸ್ವಂತ ಮನೆಯನ್ನು ಮೀಸಲು ಅಂತ ಎಣಿಸಿ, ಮಕ್ಕಳಿಗೆ ಮೊದಲೇ ದಾನಪತ್ರ ಮಾಡಿಬಿಡಬೇಡಿ.

ದುಡ್ಡಿದ್ದೂ ತೆಗೆಯಲಾಗದಿದ್ದರೆ

ಈ ವಿಷಯ ಪಠ್ಯಗಳಲ್ಲಿ ಕಡಿಮೆ. ಜಂಟಿ ಎಫ್‌ಡಿ ರಸೀದಿಯಲ್ಲಿ ಹೆಸರುಗಳ ಕೆಳಗೆ ಒಂದು ಸಣ್ಣ ಸಾಲು ಇರುತ್ತದೆ. `Either or Survivor` ಅಂತಿದ್ದರೆ ಅವಧಿ ಮುಗಿದಾಗ ಇಬ್ಬರಲ್ಲಿ ಯಾರಾದರೂ ದುಡ್ಡು ತೆಗೆಯಬಹುದು. `Former or Survivor` ಅಂತಿದ್ದರೆ ಮೊದಲ ಹೆಸರಿನವರು ಬದುಕಿರುವಷ್ಟು ದಿನ ಎರಡನೆಯವರು ಮುಟ್ಟುವ ಹಾಗಿಲ್ಲ. ರಾಯರಿಗೆ ಪಾರ್ಶ್ವವಾಯು ಹೊಡೆದು ಪ್ರಜ್ಞೆ ಹೋದರೆ, ಅವರ ಹೆಸರು ಮೊದಲಿದ್ದರೆ, ಆ ಎಫ್‌ಡಿ ಬೀಗ ಹಾಕಿದ ಹಾಗೆಯೇ.

ಜಿಪಿಎ, ಅಂದರೆ ನಮ್ಮ ಪರವಾಗಿ ವ್ಯವಹರಿಸಲು ಬರೆದುಕೊಟ್ಟ ಅಧಿಕಾರಪತ್ರ, ಇದೆಯಲ್ಲ ಅಂತ ಧೈರ್ಯ ಮಾಡಬೇಡಿ. ನಮ್ಮ ಕರಾರು ಕಾಯ್ದೆಯ 201ನೇ ಕಲಮಿನ ಪ್ರಕಾರ ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಅಧಿಕಾರಪತ್ರವೂ ಮುಗಿಯಿತು. ಅಂದರೆ ಬೇಕಾದ ಹೊತ್ತಿಗೇ ಅದು ಸತ್ತಿರುತ್ತದೆ. ಆಮೇಲೆ ಉಳಿಯುವುದು ಪಾಲಕರನ್ನು ನೇಮಿಸಿ ಅಂತ ಕೋರ್ಟಿಗೆ ಹೋಗುವ ದಾರಿ, ಅಟೆಂಡರ್ ಸಂಬಳ ಅಷ್ಟು ತಿಂಗಳು ಕಾಯುವುದಿಲ್ಲ.

ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಖಾತೆಯನ್ನೂ ಇದೇ ಕಣ್ಣಿನಿಂದ ನೋಡಿ. ಒಬ್ಬರಿಗೆ 30 ಲಕ್ಷದವರೆಗೆ ಇಡಬಹುದು, ಅವಧಿ 5 ವರ್ಷ. ವರ್ಷದೊಳಗೆ ಮುರಿದರೆ ಬಡ್ಡಿಯೇ ಇಲ್ಲ, ಎರಡನೇ ವರ್ಷದಲ್ಲಾದರೆ ಅಸಲಿನಲ್ಲಿ ಶೇ. 1.5, ಆಮೇಲೆ ಶೇ. 1 ಕಡಿತ. ಆಕೆಯ ಗಂಟಿನ ದೂರದ ಭಾಗಕ್ಕೆ ಇದು ಸರಿ. ಹಾಸಿಗೆ ಹಿಡಿದ ಮೊದಲ ಆರು ತಿಂಗಳ ಆರೈಕೆಯ ಖರ್ಚು, ಅಂದರೆ ಸುಮಾರು 3.3 ಲಕ್ಷ, ಇಬ್ಬರಲ್ಲಿ ಯಾರು ಬೇಕಾದರೂ ನಡೆಸಬಹುದಾದ ಖಾತೆಯಲ್ಲಿ ಇರಲಿ. ನಾನು ಇದನ್ನು ಬರೆಯುವ ಮೊದಲು ನಮ್ಮ ಅಪ್ಪನ ನಾಲ್ಕು ರಸೀದಿ ತೆಗೆದು ನೋಡಿದೆ. ಮೂರರಲ್ಲಿ `Former or Survivor` ಇತ್ತು. ಸೋಮವಾರ ಇಬ್ಬರನ್ನೂ ಬ್ಯಾಂಕಿಗೆ ಕರೆದುಕೊಂಡು ಹೋಗಬೇಕು.